ಚೆಂಡು ಹೂವಿನ ಪೈರು ಉದ್ದ ಹೋಗಿ ಬುಡದಲ್ಲಿ ಬಿದ್ದಾಗ

ಬೇಲೂರು ತಾಲ್ಲೂಕಿನ ನಮ್ಮ ಕಡೆ ಆಯುಧಪೂಜೆಗೂ ದೀಪಾವಳಿಗೂ ಚೆಂಡು ಹೂವು ಕೊಯ್ಯಬೇಕೆಂದರೆ ಆರಿದ್ರಾ ಮಳೆಯ ಹೊತ್ತಿಗೆ ಬೀಜ ಹಾಕಿರಬೇಕು. ಬಿತ್ತಿದ 4 ವಾರಕ್ಕೆ ಪೈರು ನಾಟಿಗೆ ಬರುತ್ತದೆ, ನಾಟಿಯಾದ 50ರಿಂದ 60 ದಿನಕ್ಕೆ ಹೂವು ಬಿಡಿಸಲು ಸಿಗುತ್ತದೆ. ಹಬ್ಬದಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಬೇರೆ ದಾರಿಯಿಲ್ಲ. ಆದರೆ ಈ ಲೆಕ್ಕವು ಪೈರಿನ ಅತಿ ಎಳೆಯ ದಿನಗಳನ್ನು ಪುನರ್ವಸು ಮತ್ತು ಪುಷ್ಯ ಮಳೆಗಳ ನಡುವೆ ತಂದು ನಿಲ್ಲಿಸುತ್ತದೆ. ಬಿಸಿಲು ಹೆಸರಿಗೂ ಇರುವುದಿಲ್ಲ, ಹಿಡಿದ ಸೋನೆ ಬಿಡುವುದಿಲ್ಲ, ಒಗೆದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ. ಬೆಳಕನ್ನು ಬಯಸುವ ಚೆಂಡು ಹೂವಿನ ಎಳೆ ಸಸಿಗೆ ಇದಕ್ಕಿಂತ ಪ್ರತಿಕೂಲವಾದ ಕಾಲವಿಲ್ಲ.

ಆ ವರ್ಷ ನಾವು ಪೈರು ಬೆಳೆಸಿದ್ದು ಹಿತ್ತಲಿನ ನೆರಳು ಪರದೆಯ ಮನೆಯಲ್ಲಿ. ಅದು ಬೇಸಿಗೆಯ ಟೊಮೆಟೊ ಮತ್ತು ಮೆಣಸಿನಕಾಯಿ ಪೈರಿಗೆಂದು ಕಟ್ಟಿದ್ದು. ಮೇಲೆ ಅರ್ಧ ಬೆಳಕನ್ನು ತಡೆಯುವ, ಅಂದರೆ 50 ಶೇಕಡಾದ ಹಸಿರು ಪರದೆ, ನೆಲಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಾಲಾಗಿ 98 ಗುಳಿಗಳ ಪ್ರೋಟ್ರೇಗಳು. ಏಪ್ರಿಲ್ ಬಿಸಿಲಿಗೆ ಈ ಏರ್ಪಾಡು ಬಹಳ ಚೆನ್ನಾಗಿತ್ತು. ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು, ತೆಳುವಾಗಿ ಮುಚ್ಚಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸುವುದು ಎಲ್ಲರೂ ಮಾಡುವ ಪದ್ಧತಿ. ಒಳಗಿನ ಬಿಸುಪಿಗೆ ಬೀಜಗಳು ಬೇಗ ಮತ್ತು ಒಟ್ಟಿಗೆ ಮೊಳೆಯುತ್ತವೆ.

ಬೇಸಿಗೆಯಲ್ಲಿ ಒಟ್ಟಿಗೆ ಮೊಳೆಯುವುದು ನಿಜ. ಮಳೆಗಾಲದ ತಂಪಿನಲ್ಲಿ ಹಾಗಾಗಲಿಲ್ಲ. ಕೆಲವು ಮೂರನೆಯ ದಿನಕ್ಕೇ ತಲೆ ಎತ್ತಿದವು, ಉಳಿದವು ಆರನೆಯ ದಿನದವರೆಗೂ ಎಳೆದಾಡಿದವು. ಎಲ್ಲವೂ ಮೊಳೆಯಲಿ ಎಂದು ಹೊದಿಕೆ ಹಾಗೆಯೇ ಇದ್ದಷ್ಟು ಹೊತ್ತು, ಮೊದಲು ಹುಟ್ಟಿದವು ಕತ್ತಲೆಯಲ್ಲಿ ಬೆಳಕನ್ನು ಹುಡುಕುತ್ತ ಉದ್ದಕ್ಕೆ ಎಳೆದುಕೊಂಡವು. ಬಿಡಿಸಿ ಹರಡಿದಾಗ ಬೀಜದೆಲೆಗಳ ಕೆಳಗಿನ ಕಾಂಡ, ಮಾಮೂಲಾಗಿ 2 ಸೆಂಟಿಮೀಟರಿನ ಆಸುಪಾಸಿನಲ್ಲಿ ಗಟ್ಟಿಯಾಗಿ, ಬುಡದಲ್ಲಿ ತುಸು ಕೆಂಪಾಗಿ ಇರಬೇಕಾದದ್ದು, ಅದರ ಇಮ್ಮಡಿ ಉದ್ದವಾಗಿ, ಬಿಳುಚಿಕೊಂಡು, ಒಂದು ಕಡೆಗೆ ಬಾಗಿ ನಿಂತಿತ್ತು. ಆ ಮೇಲೆ ಸಿಕ್ಕಿದ ಬೆಳಕಾದರೂ ಸಾಕಷ್ಟಿರಲಿಲ್ಲ. ಮೋಡ ಮೊದಲೇ ಬೆಳಕನ್ನು ತಿಂದಿತ್ತು, ಉಳಿದದ್ದರಲ್ಲಿ ಅರ್ಧವನ್ನು ಪರದೆ ತಡೆಯಿತು. ಇಲ್ಲಿ ತಿಳಿದಿರಬೇಕಾದ ಸಂಗತಿ ಒಂದಿದೆ: ಹೀಗೆ ಒಮ್ಮೆ ಎಳೆದುಕೊಂಡ ಕಾಂಡ ಆಮೇಲೆ ಎಷ್ಟು ಬಿಸಿಲು ಕೊಟ್ಟರೂ ಗಿಡ್ಡವಾಗುವುದಿಲ್ಲ. ಬೆಳಕು ಸಿಕ್ಕರೆ ಮುಂದೆ ಬರುವ ಗೆಣ್ಣುಗಳು ಒತ್ತಾಗಿ ಬರುತ್ತವೆ, ಅಷ್ಟೇ.

ಪೈರು ಬೀಳಲು ಆರಂಭಿಸಿದ್ದು ಬೀಜದೆಲೆಗಳ ನಡುವೆ ಮೊದಲ ನಿಜವಾದ ಎಲೆ ಇಣುಕುವ ಹೊತ್ತಿಗೆ. ಮೊದಲು ಟ್ರೇಯ ಮೂಲೆಯಲ್ಲಿ ನಾಲ್ಕೈದು, ಮರುದಿನ ಬೆಳಿಗ್ಗೆ ಅವುಗಳ ಸುತ್ತ ಇನ್ನೊಂದಿಷ್ಟು, ಹೀಗೆ ಅಂಗೈ ಅಗಲದ ತೇಪೆಗಳಾಗಿ ಹರಡತೊಡಗಿತು. ಬಿದ್ದವುಗಳ ಎಲೆ ಇನ್ನೂ ಹಸಿರಾಗಿಯೇ ಇತ್ತು, ಬಾಡಿರಲಿಲ್ಲ. ಬುಡ ಮಾತ್ರ ಮಡಚಿಕೊಂಡಿತ್ತು. ಉದ್ದ ಹೋದ ಪೈರು ತನ್ನ ಭಾರಕ್ಕೆ ತಾನೇ ಬೀಳುತ್ತಿದೆ ಎಂದು ಮನೆಯವರೂ ಅಕ್ಕಪಕ್ಕದವರೂ ಹೇಳಿದರು. ನೋಡಿದವರಿಗೆ ಹಾಗೆಯೇ ಕಾಣುತ್ತಿತ್ತು.

ಅರಕಲಗೂಡಿನ ಹತ್ತಿರ ತರಕಾರಿ ಪೈರು ಬೆಳೆಸಿ ಮಾರುವ ನನ್ನ ಬಾಮೈದ ಆ ದಿನಗಳಲ್ಲಿ ಊರಿಗೆ ಬಂದಿದ್ದ. ಅವನು ಟ್ರೇಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಬಿದ್ದಿರುವುದನ್ನು ಬಿಟ್ಟು ಅದರ ಪಕ್ಕದಲ್ಲಿ ಇನ್ನೂ ನಿಂತಿದ್ದ ಸಸಿಗಳನ್ನು ಗುಳಿಸಮೇತ ಎತ್ತಿ, ಒಂದು ಸ್ಟೀಲ್ ಬೋಗುಣಿಯ ನೀರಿನಲ್ಲಿ ಅಲ್ಲಾಡಿಸಿ ನಾರಿನ ಪುಡಿಯನ್ನೆಲ್ಲ ತೊಳೆದ. ಒಂದು ಸಸಿಯ ಬೇರು ಬೆಳ್ಳಗೆ, ಬಿಗಿಯಾಗಿತ್ತು. ಕಾಂಡ ಉದ್ದವಾಗಿದ್ದರೂ ಬೆರಳ ನಡುವೆ ಉರುಳಿಸಿದಾಗ ಗಟ್ಟಿಯಾಗಿತ್ತು. ಇನ್ನೊಂದರ ಬುಡದಲ್ಲಿ, ಸರಿಯಾಗಿ ಪುಡಿಯ ಮಟ್ಟದಲ್ಲಿ, ಒಂದು ಅಕ್ಕಿಕಾಳಿನಷ್ಟು ಉದ್ದಕ್ಕೆ ಚರ್ಮ ನೀರು ಕುಡಿದು ಗಾಜಿನ ಬಣ್ಣಕ್ಕೆ ತಿರುಗಿ ಸೊರಗಿತ್ತು. ಅದರ ಬೇರನ್ನು ಎರಡು ಉಗುರುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಕಂದುಬಣ್ಣದ ಮೇಲಿನ ಸಿಪ್ಪೆ ಜಾರಿ ಬಂದು, ಒಳಗಿನ ಬಿಳಿಯ ಎಳೆ ಮಾತ್ರ ಉಳಿಯಿತು.

“ಉದ್ದ ಹೋಗಿರೋದು ಬೇರೆ, ಬೀಳ್ತಿರೋದು ಬೇರೆ ಭಾವ. ಇದಕ್ಕೆ ಬುಡ ಕೊಳೆ ಬಂದೈತೆ. ನಿಂತಿರೋದ್ರಲ್ಲೂ ಹಿಡ್ದೈತೆ, ಇನ್ನೂ ಬಿದ್ದಿಲ್ಲ ಅಷ್ಟೇ” ಎಂದ.

ಸಸಿ ಬುಡ ಕೊಳೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಈ ರೋಗವನ್ನು ತರುವ ಜೀವಿಗಳು ಹಲವು. ಅವುಗಳಲ್ಲಿ ನಮ್ಮಂಥವರಿಗೆ ಹೆಚ್ಚಾಗಿ ಎದುರಾಗುವವು ಪಿಥಿಯಂ ಮತ್ತು ರೈಜೋಕ್ಟೋನಿಯಾ. ಪಿಥಿಯಂ ನೀರಿನ ಜೀವಿ. ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಗುಳಿಯ ಮೇಲೆ ನೀರಿನ ತೆಳುಪದರ ನಿಂತರೆ ಅದರಲ್ಲಿಯೇ ಒಂದು ಸಸಿಯಿಂದ ಇನ್ನೊಂದಕ್ಕೆ ಸಾಗುತ್ತವೆ. ಆದ್ದರಿಂದಲೇ ರೋಗ ತೇಪೆಯಾಗಿ ಹರಡುತ್ತದೆ. ಬಾಮೈದ ತೋರಿಸಿದ ನೀರು ಕುಡಿದ ಬುಡ, ಜಾರುವ ಬೇರಿನ ಸಿಪ್ಪೆ, ಇವೆರಡೂ ಅದರ ಗುರುತುಗಳು. ರೈಜೋಕ್ಟೋನಿಯಾ ಅಷ್ಟು ನೀರನ್ನು ಬೇಡುವುದಿಲ್ಲ. ಅದು ಹಿಡಿದ ಸಸಿಯ ಬುಡದಲ್ಲಿ ಒಣಗಿದ, ಕಂದುಕೆಂಪಿನ, ಒಳಕ್ಕೆ ಕುಸಿದ ಗಾಯ ಕಾಣಿಸುತ್ತದೆ, ಬೇರು ಹಲವು ಸಲ ಚೆನ್ನಾಗಿಯೇ ಇರುತ್ತದೆ. ಇವೆರಡೂ ಅಲ್ಲದೆ, ಬುಡ ಕತ್ತರಿಸಿದ ಹಾಗಿದ್ದು ಸುತ್ತ ಅಂಟಂಟು ಜಾಡು ಒಣಗಿದ್ದರೆ ಅದು ಬಸವನಹುಳುವಿನ ಕೆಲಸ. ಆ ಮಳೆಯಲ್ಲಿ ಅದೂ ಕೆಲವು ಟ್ರೇಗಳಲ್ಲಿ ಇತ್ತು.

ಉದ್ದ ಹೋಗುವುದಕ್ಕೂ ಕೊಳೆಯುವುದಕ್ಕೂ ಕಾರಣ ಬೇರೆಯಾದರೂ ಎರಡೂ ಜೊತೆಯಾಗಿ ಬರುವುದು ಆಕಸ್ಮಿಕವಲ್ಲ. ಬೆಳಕಿಲ್ಲದೆ ಎಳೆದುಕೊಂಡ ಕಾಂಡದ ಜೀವಕೋಶಗಳ ಗೋಡೆ ತೆಳುವಾಗಿರುತ್ತದೆ, ಬುಡ ಬಲಿಯುವುದು ತಡವಾಗುತ್ತದೆ. ಬಲಿತ ಬುಡಕ್ಕೆ ಪಿಥಿಯಂ ಸುಲಭವಾಗಿ ನುಗ್ಗಲಾರದು. ಎರಡು ಜೊತೆ ನಿಜವಾದ ಎಲೆ ಬಂದು ಕಾಂಡ ಗಟ್ಟಿಯಾದ ಮೇಲೆ ಈ ರೋಗದ ಭಯ ಬಹುಮಟ್ಟಿಗೆ ತಗ್ಗುತ್ತದೆ. ಅಂದರೆ ಬೆಳಕಿನ ಕೊರತೆಯು ಸಸಿ ಅಪಾಯದಲ್ಲಿರುವ ದಿನಗಳನ್ನೇ ಉದ್ದ ಮಾಡುತ್ತದೆ. ಇನ್ನೊಂದು ಕಡೆ, ಮೋಡದ ದಿನಗಳಲ್ಲಿ ಎಲೆಯಿಂದ ಆರುವ ನೀರು ಕಡಿಮೆ, ಪುಡಿಯಿಂದ ಆರುವುದೂ ಕಡಿಮೆ. ಬೇಸಿಗೆಯ ರೂಢಿಯಂತೆ ದಿನಕ್ಕೆ ಎರಡು ಹೊತ್ತು ರೋಸ್ ಕ್ಯಾನಿನಿಂದ ಹಾಕಿದ ನೀರೆಲ್ಲ ಗುಳಿಯಲ್ಲೇ ಉಳಿಯುತ್ತದೆ. ನೆಲದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕುಳಿತ ಟ್ರೇಯ ತಳದ ತೂತುಗಳಿಂದ ಅದು ಇಳಿಯಲೂ ಆಗುವುದಿಲ್ಲ. ಪುಡಿಯ ಮೇಲೆ ಹಸಿರು ಪಾಚಿ ಕಟ್ಟಿದ್ದು, ಟ್ರೇ ಅಲ್ಲಾಡಿಸಿದರೆ ಸಣ್ಣ ಕಪ್ಪು ನೊಣಗಳು ಏಳುತ್ತಿದ್ದದ್ದು, ಈ ನಿಂತ ನೀರಿನ ಸುಳಿವುಗಳು. ಸಸಿ ಬೀಳುವುದಕ್ಕೆ ಮುಂಚೆಯೇ ಅವು ಕಣ್ಣಿಗೆ ಬೀಳುತ್ತವೆ.

ಔಷಧಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದುಡ್ಡು ಮತ್ತು ದಿನ ಎರಡೂ ಪೋಲಾಗುವುದು ಇಲ್ಲಿಯೇ. ಪೈರು ಕೊಳೆಯುತ್ತಿದೆ ಎಂದರೆ ಪೇಟೆಯ ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಕಾರ್ಬೆಂಡಜಿಂ. ನಮಗೂ ಅದನ್ನೇ ಕೊಟ್ಟಿದ್ದರು. ಅದು ಹಲವು ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತದೆ, ರೈಜೋಕ್ಟೋನಿಯಾದ ಮೇಲೂ ಸ್ವಲ್ಪ ಹಿಡಿತವಿದೆ. ಆದರೆ ಪಿಥಿಯಂ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿದ್ದಲ್ಲ, ಅದರ ಮೇಲೆ ಕಾರ್ಬೆಂಡಜಿಂ ನಡೆಯುವುದಿಲ್ಲ. ಪಿಥಿಯಂಗೆ ನಾಟುವುದು ಮೆಟಲಾಕ್ಸಿಲ್. ಅದಾದರೋ ರೈಜೋಕ್ಟೋನಿಯಾವನ್ನು ಮುಟ್ಟುವುದಿಲ್ಲ. ಬೋಗುಣಿಯಲ್ಲಿ ಬೇರು ತೊಳೆದು ನೋಡುವ ಐದು ನಿಮಿಷದ ಕೆಲಸಕ್ಕೆ ಬೆಲೆ ಬರುವುದು ಈ ಕಾರಣಕ್ಕೆ. ಇವೆರಡರಲ್ಲಿ ಯಾವುದು ಎಂದು ಬಿಡಿಸಿ ಹೇಳಲಾಗದಿದ್ದಾಗ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯುವುದು ವಾಡಿಕೆ. ನಮ್ಮಲ್ಲಿ ಗುರುತು ಸ್ಪಷ್ಟವಾಗಿದ್ದರಿಂದ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಪುಡಿಯನ್ನು ಲೀಟರಿಗೆ 2 ಗ್ರಾಂ ಹಾಕಿ ಕಲಸಿ, ಎಲೆಯ ಮೇಲೆ ಸಿಂಪಡಿಸದೆ ಬುಡ ನೆನೆಯುವಂತೆ ಕೊಟ್ಟೆವು.

ಆದರೆ ಔಷಧಿಗೆ ಮೊದಲು ಮಾಡಿದ ಕೆಲಸವೇ ಹೆಚ್ಚಿನದು. ತೇಪೆ ಕಂಡ ಟ್ರೇಗಳನ್ನು ಬೇರೆ ಮಾಡಿದೆವು. ಬಿದ್ದ ಸಸಿಗಳನ್ನು ಮಾತ್ರವಲ್ಲದೆ ಅವುಗಳ ಸುತ್ತ ಎರಡು ಸಾಲು ಗುಳಿಗಳನ್ನು, ಸಸಿ ಚೆನ್ನಾಗಿ ನಿಂತಿದ್ದರೂ, ಪುಡಿಸಮೇತ ತೋಡಿ ಬಕೆಟ್ಟಿಗೆ ಹಾಕಿ ದೂರ ಹೂತೆವು. ನಿಂತ ಸಸಿಯನ್ನು ಕಿತ್ತೆಸೆಯುವಾಗ ಹೆಂಡತಿಗೆ ಸಂಕಟವಾಯಿತು, ನನಗೂ ಆಯಿತು. ಹೈಬ್ರಿಡ್ ಬೀಜಕ್ಕೆ ಎಣಿಸಿ ದುಡ್ಡು ಕೊಡುತ್ತೇವೆ. ಉಳಿದವನ್ನು ಪರದೆಯಿಂದ ಹೊರಕ್ಕೆ ತಂದು, ಮಳೆ ತಾಕದಂತೆ ಪಡಸಾಲೆಯ ಅಂಚಿನಲ್ಲಿ ಇಟ್ಟಿಗೆಯ ಮೇಲೆ ಎತ್ತಿಟ್ಟು, ಪುಡಿಯ ಮೇಲ್ಭಾಗ ಒಣಗಿ ಬಣ್ಣ ತಿಳಿಯಾಗುವವರೆಗೆ ನೀರು ನಿಲ್ಲಿಸಿದೆವು. ಅದಾದ ಮೇಲೆಯೇ ಔಷಧಿ ಕೊಟ್ಟದ್ದು. ಬುಡ ಸೊರಗಿದ ಯಾವ ಸಸಿಯೂ ಔಷಧಿಯಿಂದ ಎದ್ದು ಕುಳಿತದ್ದನ್ನು ನಾನು ಕಂಡಿಲ್ಲ. ಅದು ಕಾಯುವುದು ಇನ್ನೂ ತಾಕದವುಗಳನ್ನು ಮಾತ್ರ.

ಹಬ್ಬದ ಹೂವಿಗೆ ತಡವಾಗದಂತೆ ಕೂಡಲೇ ಮತ್ತೊಮ್ಮೆ ಬಿತ್ತನೆ ಮಾಡಬೇಕಾಯಿತು. ಆಯುಧಪೂಜೆಯ ಹೂವು ಭಾಗಶಃ ಕೈಬಿಟ್ಟಂತೆಯೇ, ದೀಪಾವಳಿಗಂತೂ ಸಿಗುತ್ತದೆ ಎಂಬ ಲೆಕ್ಕ. ಮಳೆ ಅದೇ, ಜಾಗ ಅದೇ. ಬದಲಾದದ್ದು ಬೆಳಕು ಮತ್ತು ನೀರು.

ಬೆಳಕಿಗಾಗಿ ಹಸಿರು ಪರದೆಯನ್ನು ಸುತ್ತಿಟ್ಟು, ಅದೇ ಚೌಕಟ್ಟಿನ ಮೇಲೆ ಪಾಲಿಹೌಸಿಗೆ ಬಳಸುವ 200 ಮೈಕ್ರಾನಿನ ಪಾರದರ್ಶಕ ಹಾಳೆಯನ್ನು ಇಳಿಜಾರಾಗಿ ಎಳೆದು ಕಟ್ಟಿದೆವು. ಪಕ್ಕಗಳನ್ನು ತೆರೆದೇ ಬಿಟ್ಟೆವು, ಏಕೆಂದರೆ ಮುಚ್ಚಿದ ಮಾಡಿನೊಳಗೆ ತೇವ ಕುಳಿತು ಹಾಳೆಯ ಒಳಮೈಯಿಂದ ಹನಿ ತೊಟ್ಟಿಕ್ಕುತ್ತದೆ. ಅದು ಮಳೆಯಷ್ಟೇ ಕೆಟ್ಟದ್ದು. ಮಲೆನಾಡಿನ ಅಂಚಿನವರಾದ ನಮಗೆ ಜೂನ್‌ನಿಂದ ಆಗಸ್ಟ್‌ವರೆಗೆ ಪೈರಿಗೆ ನೆರಳು ಬೇಡ, ಮಳೆಯಿಂದ ಮರೆ ಮಾತ್ರ ಬೇಕು ಎಂಬುದು ನನ್ನ ಅಭಿಪ್ರಾಯ. ಜಾವಗಲ್ಲಿನ ಕಡೆಯ ಬಯಲು ಸೀಮೆಯವರಿಗೆ ಈ ಮಾತು ಹೀಗೆಯೇ ಹೊಂದಲಾರದು. ಅಲ್ಲಿ ಜುಲೈನಲ್ಲೂ ಒಳ್ಳೆಯ ಬಿಸಿಲು ಬೀಳುತ್ತದೆ. ಮೊಳಕೆಯ ಹೊತ್ತಿನಲ್ಲಿ ಪೇರಿಸಿದ ಟ್ರೇಗಳನ್ನು ಎರಡನೆಯ ದಿನದಿಂದಲೇ ಬೆಳಿಗ್ಗೆ ಸಂಜೆ ಎತ್ತಿ ನೋಡಿ, ಯಾವ ಟ್ರೇಯಲ್ಲಿ ಹತ್ತಾರು ಮೊಳಕೆ ಬಾಗಿದ ಕತ್ತು ತೋರಿಸಿತೋ ಅದನ್ನು ಆ ಗಳಿಗೆಯಲ್ಲೇ ಬೆಳಕಿಗೆ ಹರಡಿದೆವು. ಉಳಿದವು ಅಲ್ಲಿಯೇ, ತಮ್ಮ ಪಾಡಿಗೆ, ಎರಡು ದಿನ ತಡವಾಗಿ ಹುಟ್ಟಿದವು. ಹುಟ್ಟದೆ ಖಾಲಿ ಉಳಿದ ಗುಳಿಗಳನ್ನು ಕಡ್ಡಿಯಿಂದ ಕೆದಕಿ ನೋಡುವುದನ್ನೂ ರೂಢಿ ಮಾಡಿಕೊಂಡೆವು: ಬೀಜ ಇಟ್ಟ ಹಾಗೆಯೇ ಗಟ್ಟಿಯಾಗಿದ್ದರೆ ಬೀಜದ ದೋಷ, ಮೊಳಕೆ ಒಡೆದು ಕಂದಾಗಿ ಲೊಳೆಯಾಗಿದ್ದರೆ ಅದೂ ಇದೇ ರೋಗ, ಮೇಲೆ ಬರುವ ಮುಂಚೆಯೇ ಹಿಡಿದದ್ದು.

ನೀರಿನ ವಿಷಯದಲ್ಲಿ ಮೊದಲ ಬದಲಾವಣೆ ಟ್ರೇಗಳನ್ನು ನೆಲದಿಂದ ಎತ್ತಿದ್ದು. ಇಟ್ಟಿಗೆಗಳ ಮೇಲೆ ಸರ್ವೆ ಗಳ ಹಾಸಿ ಅದರ ಮೇಲಿಟ್ಟದ್ದರಿಂದ ತಳದ ತೂತು ಗಾಳಿಗೆ ತೆರೆದುಕೊಂಡಿತು, ಹೆಚ್ಚಾದ ನೀರು ಸೋರಿಹೋಯಿತು, ತೂತಿನಿಂದ ಹೊರಬಂದ ಬೇರಿನ ತುದಿ ಅಲ್ಲಿಯೇ ಒಣಗಿ ಒಳಗೆ ಕವಲೊಡೆಯಿತು. ನಾರಿನ ಪುಡಿ ತುಂಬುವ ಮೊದಲು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ, ಧಾರೆಯಾಗಿ ಇಳಿದರೆ ಹರಡಿ ಆರಿಸಬೇಕು. ಮುಂದೆ ದಿನದಿನದ ನೀರಿಗೆ ಗಡಿಯಾರ ನೋಡುವುದನ್ನು ಬಿಟ್ಟು ಟ್ರೇಯ ಒಂದು ಮೂಲೆಯನ್ನು ಎತ್ತಿ ನೋಡತೊಡಗಿದೆವು. ನೆನೆದ ಟ್ರೇ ಮತ್ತು ಆರಿದ ಟ್ರೇಯ ತೂಕದ ವ್ಯತ್ಯಾಸ ನಾಲ್ಕು ದಿನದಲ್ಲಿ ಕೈಗೆ ರೂಢಿಯಾಗುತ್ತದೆ. ಹಗುರವೆನಿಸಿದರೆ ಬೆಳಿಗ್ಗೆ ಮಾತ್ರ ನೀರು. ಸಂಜೆಯ ಹೊತ್ತಿಗೆ ಎಲೆಯೂ ಪುಡಿಯ ಮೇಲ್ಮೈಯೂ ಆರಿರಬೇಕು. ಜಡಿ ಹಿಡಿದ ದಿನಗಳಲ್ಲಿ ಒಂದು ದಿನ ಬಿಟ್ಟು ಒಂದು ದಿನ, ಕೆಲವೊಮ್ಮೆ ಎರಡು ದಿನ ಬಿಟ್ಟು ಒಮ್ಮೆ ಸಾಕಾಯಿತು. ಮೇಲ್ಮೈ ಒಣಗಿದ್ದನ್ನು ಕಂಡು ಗಾಬರಿಯಾಗುವ ಕಾರಣವಿಲ್ಲ, ಬೇರು ಇರುವುದು ಕೆಳಗೆ. ಕೃಷಿ ಹೊಂಡದ ನೀರನ್ನು ಪೈರಿಗೆ ಹಾಕುವುದನ್ನು ಪೂರ್ತಿ ಬಿಟ್ಟು ಬೋರ್‌ವೆಲ್ ನೀರಿಗೆ ಬದಲಾಯಿಸಿದೆವು, ಏಕೆಂದರೆ ತೋಟದ ಮಣ್ಣು ತೊಳೆದು ಬಂದು ನಿಂತ ಹೊಂಡದಲ್ಲಿ ಪಿಥಿಯಂ ಸುಖವಾಗಿ ಬದುಕಿರುತ್ತದೆ.

ಹಳೆಯ ಟ್ರೇಗಳಲ್ಲಿಯೂ ಅದು ಉಳಿದಿರುತ್ತದೆ. ಮೂಲೆಯಲ್ಲಿ ಅಂಟಿದ ಹಳೆಯ ಬೇರಿನ ಚೂರನ್ನು ಮೊದಲು ಬ್ರಷ್ ಹಾಕಿ ತಿಕ್ಕಿ ತೆಗೆದು, ಆಮೇಲೆ ಲೀಟರಿಗೆ 20 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ತಿಳಿಯಾದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಚೆನ್ನಾಗಿ ತೊಳೆದು ಒಣಗಿಸಿದೆವು. ತಿಕ್ಕದೆ ಮುಳುಗಿಸಿದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಆ ಕೊಳೆಯ ಮೇಲೆಯೇ ಖರ್ಚಾಗಿಬಿಡುತ್ತದೆ.

ಟ್ರೈಕೋಡರ್ಮಾವನ್ನೂ ಬಳಸಿದೆವು, ಆದರೆ ಅದರಿಂದ ಏನು ನಿರೀಕ್ಷಿಸಬಹುದು ಎಂಬುದನ್ನು ತಿಳಿದು ಬಳಸಬೇಕು. ಅದು ಒಳ್ಳೆಯ ಶಿಲೀಂಧ್ರ, ಕೆಟ್ಟದ್ದಕ್ಕಿಂತ ಮೊದಲು ಬೇರಿನ ಸುತ್ತ ಜಾಗ ಹಿಡಿದರೆ ಕಾವಲು ಕಾಯುತ್ತದೆ. ರೋಗ ಹಿಡಿದ ಮೇಲೆ ಸುರಿದರೆ ಪ್ರಯೋಜನ ಅಷ್ಟಕ್ಕಷ್ಟೆ. 100 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 10 ಕೆ.ಜಿ. ಬೇವಿನ ಹಿಂಡಿ ಮತ್ತು 1 ಕೆ.ಜಿ. ಟ್ರೈಕೋಡರ್ಮಾ ಪುಡಿ ಎಂಬ ಪ್ರಮಾಣದಲ್ಲಿ, ನಮಗೆ ಬೇಕಾದಷ್ಟನ್ನು ನೆರಳಿನಲ್ಲಿ ರಾಶಿ ಮಾಡಿ, ತೇವ ಆರದಂತೆ ಗೋಣಿ ಹೊದಿಸಿ, ನಡುವೆ ತಿರುವಿ, ಎರಡು ವಾರ ಬಿಡಬೇಕಾಗುತ್ತದೆ. ಎರಡನೆಯ ಬಿತ್ತನೆಗೆ ಅಷ್ಟು ಸಮಯವಿರಲಿಲ್ಲ. ಬಾಮೈದ ತನ್ನಲ್ಲಿ ಸಿದ್ಧವಿದ್ದ ಗೊಬ್ಬರವನ್ನೇ ಎರಡು ಚೀಲ ಕಳಿಸಿಕೊಟ್ಟ. ಅದನ್ನು ಜರಡಿ ಹಿಡಿದು ನಾಲ್ಕು ಬುಟ್ಟಿ ನಾರಿನ ಪುಡಿಗೆ ಒಂದು ಬುಟ್ಟಿಯಂತೆ ಬೆರೆಸಿದೆವು. ಹೀಗೆ ಬೆರೆಸಿದ ಟ್ರೇಗಳಿಗೆ ಕಾರ್ಬೆಂಡಜಿಂ ತಾಕಿಸಿದರೆ ಕಾವಲುಗಾರನನ್ನೇ ಕೊಂದಂತೆ. ಎರಡು ವಾರದ ಪೈರಿಗೆ 19:19:19 ಗೊಬ್ಬರವನ್ನು ಲೀಟರಿಗೆ 2 ಗ್ರಾಂ ಮಾತ್ರ, ನಿಜವಾದ ಎಲೆ ಬಿಚ್ಚಿಕೊಂಡ ಮೇಲೆ ಕೊಟ್ಟೆವು. ಮುಂಚೆ ಕೊಟ್ಟರೆ ಅದೂ ಸಸಿಯನ್ನು ಮೆದುವಾಗಿಸಿ ಉದ್ದಕ್ಕೆ ಓಡಿಸುತ್ತದೆ. ಎಲೆ ಒಣಗಿರುವ ಹೊತ್ತು ನೋಡಿ ಪೈರಿನ ತಲೆಯ ಮೇಲೆ ಅಂಗೈಯನ್ನು ಮೃದುವಾಗಿ ಆಡಿಸುವುದರಿಂದಲೂ ಕಾಂಡ ಗಿಡ್ಡವಾಗಿ ಬಲಿಯುತ್ತದೆ. ಗಾಳಿ ಬೀಸದ ದಿನಗಳಲ್ಲಿ ಮಕ್ಕಳು ಸ್ಕೂಲಿಗೆ ಹೋಗುವ ಮುಂಚೆ ಈ ಕೆಲಸ ಮಾಡಿದರು. ಒದ್ದೆ ಎಲೆಯ ಮೇಲೆ ಕೈಯಾಡಿಸಿದರೆ ರೋಗವನ್ನೇ ಹರಡಿದಂತಾಗುತ್ತದೆ ಎಂದು ಅವರಿಗೆ ಹೇಳಿಡಬೇಕಾಯಿತು.

ಮೊದಲ ಬಿತ್ತನೆಯಲ್ಲಿ ಉಳಿದ ಉದ್ದ ಪೈರುಗಳನ್ನು ಎಸೆಯಲಿಲ್ಲ. ಚೆಂಡು ಹೂವಿನ ಕಾಂಡಕ್ಕೆ ಮಣ್ಣು ತಾಕಿದ ಕಡೆ ಹೊಸ ಬೇರು ಬಿಡುವ ಗುಣವಿದೆ. ಆದ್ದರಿಂದ ನಾಟಿ ಮಾಡುವಾಗ ಗುಳಿಯನ್ನು ಆಳವಾಗಿ ತೆಗೆದು, ಬೀಜದೆಲೆಗಳು ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಉಳಿಯುವಂತೆ, ಉದ್ದ ಹೋದ ಭಾಗವನ್ನೆಲ್ಲ ಮುಚ್ಚಿದೆವು. ಒಂದೊಂದು ಪೈರಿನ ಬುಡವನ್ನೂ ನೋಡಿ, ಉರುಳಿಸಿದಾಗ ಗಟ್ಟಿಯಿದ್ದವನ್ನು ಮಾತ್ರ ಆರಿಸಿಕೊಳ್ಳಬೇಕು. ಬುಡದಲ್ಲಿ ಕಲೆಯಿದ್ದ ಪೈರನ್ನು ಆಳಕ್ಕೆ ನೆಟ್ಟರೆ ರೋಗವನ್ನು ಹೊಲಕ್ಕೆ ಹೂತಂತೆ. ಏರಿನ ಮೇಲೆ ನೆಟ್ಟ ಉದ್ದ ಪೈರುಗಳು ಮೊದಲ ಎರಡು ವಾರ ಬಡವಾಗಿ ಕಂಡರೂ ಆಮೇಲೆ ಉಳಿದವುಗಳ ಸಮಕ್ಕೆ ಬಂದವು. ಹೊಲದ ಕೆಳಬದಿಯಲ್ಲಿ ನೀರು ಬಸಿಯದ ಎರಡು ಸಾಲಿನಲ್ಲಿ ಮಾತ್ರ, ಆಳಕ್ಕೆ ನೆಟ್ಟದ್ದೇ ಮುಳುವಾಗಿ, ಹಲವು ಗಿಡಗಳು ಬುಡ ಕಪ್ಪಾಗಿ ಹೋದವು. ಅಂಥ ಜಾಗಕ್ಕೆ ಉದ್ದ ಪೈರು ಸಲ್ಲದು.

ಎರಡನೆಯ ಬಿತ್ತನೆಯಲ್ಲಿ ಬುಡ ಕೊಳೆ ಪೂರ್ತಿ ಇಲ್ಲವಾಯಿತು ಎಂದು ಹೇಳಲಾರೆ. ಹಾಳೆಯ ಅಂಚಿನಿಂದ ನೀರು ಸಿಡಿಯುವ ಪಡುವಣ ಬದಿಯ ಸಾಲಿನಲ್ಲಿ ಅಲ್ಲಲ್ಲಿ ಬೀಳುತ್ತಲೇ ಇದ್ದವು. ನೆಲದ ಮಣ್ಣಿನ ಹನಿ ಹಾರಿ ಗುಳಿಯ ಮೇಲೆ ಕೂತದ್ದು ಅಲ್ಲಿ ಎದ್ದು ಕಾಣುತ್ತಿತ್ತು. ಟ್ರೇಗಳನ್ನು ಒಂದು ಮಾರು ಒಳಕ್ಕೆ ಸರಿಸಿದ ಮೇಲೆ ಅದು ನಿಂತಿತು. ಆ ಬದಿಯಲ್ಲಿ ಈಗ ಬಕೆಟ್ಟು, ಕ್ಯಾನು, ಖಾಲಿ ಟ್ರೇಗಳನ್ನು ಇಡುತ್ತೇವೆ.